ಮೆಥಡ್ಸ್ ಬರಿಯುವಾಗ ‘ವಿ’ ಎಲ್ಲಿ, ‘ವರ್’ ಎಲ್ಲಿ: ಒಣದ್ರಾಕ್ಷಿ ಶೆಡ್ಡಿನ ಒಂದು ಪ್ಯಾರಾ ಹಿಡ್ಕೊಂಡು

ನನ್ನ ಮೊದಲ್ನೇ ಪೇಪರ್ ರಿವ್ಯೂ ಆಗಿ ವಾಪಸ್ ಬಂದಾಗ ಮೆಥಡ್ಸ್ ಭಾಗದ ಬಾಜೂಕ ಒಂದ ಪ್ರಶ್ನೆ ಬರ್ದಿದ್ರು, ಈ ಮಾರ್ಕ್ ಕೊಟ್ಟವ್ರು ಯಾರು ಅಂತ. ನಮ್ಮ ವಿಜಯಪುರ ಕಡೆ ಒಣದ್ರಾಕ್ಷಿ ಶೆಡ್‌ನ್ಯಾಗ ಮಾಡಿದ ಕೆಲಸ ಅದು, ಒಣಗಿದ ದ್ರಾಕ್ಷಿ ಬಣ್ಣಕ್ಕ 1ರಿಂದ 5ರ ತನಕ ಮಾರ್ಕ್ ಕೊಟ್ಟಿದ್ವಿ, ಪೇಪರ್‌ನ್ಯಾಗ ನಾನು ‘ಕಲರ್ ವಾಸ್ ಸ್ಕೋರ್ಡ್’ ಅಂತ ಒಂದ ಲೈನ್ ಬರ್ದು ಮುಂದ ಹೋಗಿದ್ದೆ. ಉತ್ತರಾ ಬರಿಯೂಣು ಅಂತ ನೋಟ್‌ಬುಕ್ ತೆಗೆದು ನೋಡಿದ್ರ ಅರ್ಧಾ ರ‍್ಯಾಕಿಗೆ ನಾನು ಮಾರ್ಕ್ ಕೊಟ್ಟೀನಿ, ಉಳಿದರ್ಧಾ ನನ್ನ ಜೋಡಿ ಕೆಲಸಾ ಮಾಡ್ತಿದ್ದವ್ರು ಕೊಟ್ಟಾರ, ಇಬ್ಬರ ಕಣ್ಣು ಒಂದ ಅಳತಿಗೆ ಕೂಡ್ತದೋ ಇಲ್ಲೋ ಅಂತ ನಾವು ಒಮ್ಮಿನೂ ನೋಡೇ ಇರ್ಲಿಲ್ಲ. ಮತ್ತೊಮ್ಮೆ ಸ್ಕೋರ್ ಮಾಡೂಣು ಅಂದ್ರ ಅಷ್ಟ್ರಾಗ ಎತ್ತಿಟ್ಟ ಸ್ಯಾಂಪಲ್‌ದ ಬಣ್ಣಾನ ಕಂದಿ ಹೋಗಿತ್ತು. ಬಣ್ಣದ ಕಾಲಂ ಪೂರ್ತಿ ಟೇಬಲ್‌ನಿಂದ ತೆಗೀಬೇಕಾತು.

ಅವತ್ತು ನನಗ ತಿಳಿದದ್ದು ಏನಂದ್ರ, ‘ಕಲರ್ ವಾಸ್ ಸ್ಕೋರ್ಡ್’ ಅನ್ನೋ ಹಂಗ ಮಾಡಿದವ್ರನ್ನ ಹೇಳದ ಬರಿಯೋ ಪ್ಯಾಸಿವ್ ಅನ್ನೋದು ಬರೀ ಗ್ರಾಮರ್ ಅಲ್ಲ, ಅದು ವಾಕ್ಯದಿಂದ ಮನುಷ್ಯಾನ್ನ ತೆಗೆದುಹಾಕ್ತದ. ತೆಗೆದ್ರ ನಡೀತದೋ ಇಲ್ಲೋ ಅನ್ನೋದನ್ನ ವಾಕ್ಯ ವಾಕ್ಯಕ್ಕ ಬ್ಯಾರೆ ಬ್ಯಾರೆ ನೋಡಬೇಕು, ಇಡೀ ಸೆಕ್ಷನ್‌ಗೆ ಒಂದ ರೂಲ್ ಹಾಕಿ ಕೂತ್ರ ನನಗಾದಂಗ ಆಗ್ತದ. ಎಂ.ಎಸ್ಸಿ, ಪಿಎಚ್‌ಡಿ ಮಾಡೋ ಹುಡುಗ್ರು ನನ್ನ ಕಡೆ ಡ್ರಾಫ್ಟ್ ತಂದಾಗ ನಾ ಹ್ಯಾಂಗ ಕೂತು ತಿದ್ದತೀನೋ ಹಂಗ ಇಲ್ಲಿ ಹೇಳ್ತೀನಿ.

ಮೊದಲ ಒಂದು ಮಾತು ಕ್ಲಿಯರ್ ಮಾಡ್ಕೊಳ್ರಿ. ‘ಸೈಂಟಿಫಿಕ್ ಪೇಪರ್ ಅಂದಮ್ಯಾಲ ಪ್ಯಾಸಿವ್‌ನ್ಯಾಗ ಬರೀಬೇಕು’ ಅಂತ ನಮಗ ಎಲ್ಲಾರಿಗೂ ಕಾಲೇಜಿನ್ಯಾಗ ಹೇಳಿ ಕಳಿಸ್ಯಾರ, ಆದ್ರ ಇವತ್ತಿನ ದೊಡ್ಡ ಜರ್ನಲ್‌ಗಳು ಹಂಗ ಕೇಳೂದಿಲ್ಲ. ನೇಚರ್ ಗುಂಪಿನ ಜರ್ನಲ್‌ಗಳು ಲೇಖಕರಿಗೆ ಕೊಡೋ ಸೂಚನೆಯೊಳಗ ಆ್ಯಕ್ಟಿವ್, ಅಂದ್ರ ಮಾಡಿದವ್ರನ್ನ ಕರ್ತೃ ಮಾಡಿ ಬರ್ದ ವಾಕ್ಯ, ಇದ್ರ ಚೊಲೋ ಅಂತ ನೇರಾನ ಹೇಳ್ತಾವ. ಸೈಕಾಲಜಿಯವ್ರ ಎಪಿಎ ಮ್ಯಾನುವಲ್‌ನ 7ನೇ ಆವೃತ್ತಿನೂ ಆ್ಯಕ್ಟಿವ್ ಕಡೆನ ವಾಲ್ತದ, ಆದ್ರ ಮಾಡಿದವ್ರಕಿಂತ ಮಾಡಿಸ್ಕೊಂಡ ವಸ್ತು ಮುಖ್ಯ ಇದ್ದಲ್ಲಿ ಪ್ಯಾಸಿವ್ ಸರಿ ಅಂತದ. ಕೆಮಿಸ್ಟ್ರಿಯವ್ರ ಎಸಿಎಸ್ ಗೈಡ್‌ದು ಸುಮಾರು ಅದ ಮಾತು, ಮಾಡಿದವ್ರು ಯಾರು ಅನ್ನೋದು ಗೊತ್ತಿಲ್ಲ ಅಥವಾ ಮುಖ್ಯ ಅಲ್ಲ ಅಂದ್ರ ಪ್ಯಾಸಿವ್ ಹಾಕ್ರಿ ಅಂತ. ಹಂಗ ನೋಡಿದ್ರ 1672ರಾಗ ನ್ಯೂಟನ್ ಬೆಳಕಿನ ಬಗ್ಗೆ ರಾಯಲ್ ಸೊಸೈಟಿಗೆ ಬರ್ದ ಪತ್ರದೊಳಗ ‘ನಾನು ಮಾಡಿದೆ, ನಾನು ನೋಡಿದೆ’ ಅಂತನ ಬರ್ದಾನ. ಅಂದ್ರ ‘ಐ’ ಮತ್ತ ‘ವಿ’ ಅಂದ್ರ ಅವೈಜ್ಞಾನಿಕ ಅನ್ನೋ ಭಯ ಬ್ಯಾಡ. ಆದರೂ ನೀವು ಕಳಿಸೋ ಜರ್ನಲ್‌ದ ಲೇಖಕರ ಸೂಚನೆ ಒಮ್ಮೆ ಓದ್ರಿ, ಅದರಾಗ ಏನೂ ಇಲ್ಲ ಅಂದ್ರ ಅದ ಜರ್ನಲ್‌ದ ಇತ್ತೀಚಿನ ನಾಲ್ಕೈದು ಪೇಪರ್ ತೆಗೆದು ಮೆಥಡ್ಸ್ ಅಷ್ಟ ಓದ್ರಿ, ಅಲ್ಲಿ ‘ವಿ’ ಬರ್ತದೋ ಇಲ್ಲೋ ಹತ್ತು ನಿಮಿಷದಾಗ ಗೊತ್ತಾಗ್ತದ. ನಿಮ್ಮ ಗೈಡ್ ಪ್ಯಾಸಿವ್ ಬೇಕು ಅಂದ್ರ ಅವರ ಮುಂದ ಆ ಪೇಪರ್ ಇಟ್ಟು ಮಾತಾಡಾಕ ಆಗ್ತದ.

ಈಗ ಕೆಲಸಕ್ಕ ಬರೂಣು. ನಾನ ಕಟ್ಟಿದ ಒಂದು ಪ್ಯಾರಾ ತಗೊಳ್ರಿ, ನಮ್ಮ ಕಡೆ ಹುಡುಗ್ರು ಬರಿಯೋ ಸಾಮಾನ್ಯ ಡ್ರಾಫ್ಟ್ ಹಿಂಗ ಇರ್ತದ, ಇಂಗ್ಲಿಷಿನ್ಯಾಗ ಇದ್ದದ್ದನ್ನ ಅರ್ಥ ಕೆಡದಂಗ ಕನ್ನಡದಾಗ ಇಡ್ತೀನಿ:

‘ಥಾಮ್ಸನ್ ಸೀಡ್‌ಲೆಸ್ ಗೊನೆಗಳನ್ನು ಬೆಳಿಗ್ಗೆ ಕೊಯ್ಯಲಾಯಿತು. ಕೆಟ್ಟ ಕಾಯಿಗಳನ್ನು ತೆಗೆಯಲಾಯಿತು. ಗೊನೆಗಳನ್ನು 2.5% ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು 1.5% ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ 3 ನಿಮಿಷ ಅದ್ದಲಾಯಿತು. ನೆರಳಿನ ಶೆಡ್‌ನಲ್ಲಿ ರ‍್ಯಾಕ್ ಮೇಲೆ ಹರವಿ 15 ದಿನ ಒಣಗಿಸಲಾಯಿತು. ತೇವಾಂಶವನ್ನು ಅಳೆಯಲಾಯಿತು. ಬಣ್ಣಕ್ಕೆ 1ರಿಂದ 5ರವರೆಗೆ ಅಂಕ ನೀಡಲಾಯಿತು. ಎರಡು ರ‍್ಯಾಕ್‌ಗಳನ್ನು ಕೈಬಿಡಲಾಯಿತು.’

ಏಳು ವಾಕ್ಯ, ಏಳೂ ಪ್ಯಾಸಿವ್. ಇದು ಯಾಕ ಹಿಂಗಾಗ್ತದ ಅಂದ್ರ ನಮ್ಮ ಪುಸ್ತಕದ ಕನ್ನಡದಾಗ ‘-ಲಾಯಿತು’ ಹಾಕಿ ಬರಿಯೋ ರೂಢಿ ಬಲವಾಗಿ ಕೂತದ, ಅದು ತಲಿಯಾಗ ಇಟ್ಕೊಂಡು ಇಂಗ್ಲಿಷ್ ಬರೀತೀವಿ, ಒಂದೊಂದು ‘-ಲಾಯಿತು’ಗೂ ಒಂದೊಂದು ‘ವಾಸ್’ ಇಲ್ಲಾ ‘ವರ್’ ಬಂದು ಕೂಡ್ತದ. ಮಾತಾಡುವಾಗ ಮಾತ್ರ ನಾವು ಹಂಗ ಅನ್ನೂದಿಲ್ಲ. ‘ಅದ್ದಿದ್ವಿ’ ಅಂದ್ರ ನಾವು, ‘ಅದ್ದಿದ್ರು’ ಅಂದ್ರ ಅವರು, ‘ನಾವು’ ಅಂತ ಬಾಯಿಬಿಟ್ಟು ಹೇಳದಿದ್ದರೂ ಕ್ರಿಯಾಪದದ ಬಾಲದಾಗ ಮಾಡಿದವ್ರು ಇದ್ದೇ ಇರ್ತಾರ. ಇಂಗ್ಲಿಷಿಗೆ ಆ ಬಾಲ ಇಲ್ಲ, ಅಲ್ಲಿ ಕರ್ತೃ ಬರೀದಿದ್ರ ಕರ್ತೃ ಹೋದಂಗ.

ಅದಕ್ಕ ನನ್ನ ಮೊದಲ್ನೇ ಹೆಜ್ಜಿ, ಪೆನ್ ಹಿಡ್ಕೊಂಡು ಪ್ರತಿ ವಾಕ್ಯಾನ ಶೆಡ್‌ನ್ಯಾಗ ನಿಂತು ಮಾತಾಡಿದಂಗ ಹೇಳ್ಕೊಳ್ಳೋದು. ‘ಕೊಯ್ದ್ರು’, ‘ತೆಗೆದ್ರು’, ‘ಅಳದ್ರು’, ‘ಮಾರ್ಕ್ ಕೊಟ್ವಿ’. ಹಂಗ ಹೇಳಿದ ಕೂಡಲೇ ಯಾರು ಅನ್ನೋದು ತಾನ ಹೊರಗ ಬರ್ತದ, ಅದನ್ನ ಮಾರ್ಜಿನ್‌ನ್ಯಾಗ ಬರ್ಕೊಳ್ರಿ: ಆಳುಗಳು, ತೋಟದವ್ರು, ನಾವು, ಹೊರಗಿನ ಲ್ಯಾಬ್. ಬರಿಯಾಕ ಬರ್ಲಿಲ್ಲ ಅಂದ್ರ ಅಲ್ಲೇ ನಿಲ್ಲ್ರಿ, ಯಾಕಂದ್ರ ಅದು ಭಾಷಾ ತೊಂದರೆ ಅಲ್ಲ, ದಾಖಲೆನ ಇಲ್ಲ ಅಂತ ಅರ್ಥ.

ಎರಡ್ನೇ ಹೆಜ್ಜಿ ಒಂದ ಪ್ರಶ್ನೆ: ಇದ ಕೆಲಸಾ ಬ್ಯಾರೆಯವ್ರು ಮಾಡಿದ್ರ ಫಲಿತಾಂಶ ಬದಲಾಗ್ತಿತ್ತೇನು? ಆಗೂದಿಲ್ಲ ಅಂದ್ರ ಪ್ಯಾಸಿವ್ ಇರ್ಲಿ. ಆಗಬಹುದು ಅಂದ್ರ ಮನುಷ್ಯಾನ್ನ ವಾಕ್ಯದೊಳಗ ವಾಪಸ್ ತರ್ರಿ. ನನ್ನ ಅನುಭವದಾಗ ಬರೀ ಕೈ ಕೆಲಸಕ್ಕ, ಅಂದ್ರ ತೂಗೂದು, ತೊಳಿಯೂದು, ಹರವೂದು ಇಂಥವಕ್ಕ ಪ್ಯಾಸಿವ್ ನಡೀತದ, ಕಣ್ಣು ಮತ್ತ ತಲಿ ಹಚ್ಚಿದ ಕೆಲಸಕ್ಕ, ಅಂದ್ರ ಆರಿಸೂದು, ಮಾರ್ಕ್ ಕೊಡೂದು, ಬಿಟ್ಟುಬಿಡೂದು, ‘ಸರಿ ಅದ’ ಅಂತ ತೀರ್ಮಾನ ಮಾಡೂದು, ಇವಕ್ಕ ಆ್ಯಕ್ಟಿವ್ ಬೇಕಾಗ್ತದ.

ಈ ಪ್ರಶ್ನೆ ಹಿಡ್ಕೊಂಡು ಮ್ಯಾಲಿನ ಪ್ಯಾರಾ ನೋಡ್ರಿ. ಕೊಯ್ದವ್ರು ಯಾರಾದ್ರೇನು, ತಳಿ ಮತ್ತ ಕೊಯ್ದಾಗಿನ ಸಿಹಿ ಎಷ್ಟು ಅಂತ ರಿಫ್ರ್ಯಾಕ್ಟೋಮೀಟರ್ ನಂಬರ್ ಕೊಟ್ರ ಸಾಕು, ಪ್ಯಾಸಿವ್ ಇರ್ಲಿ. ಕೆಟ್ಟ ಕಾಯಿ ತೆಗೆದದ್ದು ಹಂಗಲ್ಲ. ಯಾವುದು ಕೆಟ್ಟದ್ದು ಅಂತ ಆರಿಸ್ದವ್ರು ಯಾರು, ತೋಟದ ಆಳುಗಳು ಮಾರ್ಕೆಟ್ ರೂಢಿಯಂತ ತೆಗೆದ್ರೋ, ನೀವು ಒಡೆದದ್ದು, ಕೊಳೆತದ್ದು ಅಂತ ಗುರುತು ಹೇಳಿ ತೆಗೆಸಿದ್ರೋ? ಎರಡರ ನಡುವ ಭಾಳ ಫರಕ್ ಅದ. ಇಲ್ಲಿ ‘ಒಡೆದ ಅಥವಾ ಕೊಳೆತ ಕಾಯಿಗಳನ್ನ ನಾವು ತೆಗೆದೆವು’ ಅಂತ ಬರೀರಿ, ಗುರುತೂ ಬಂತು, ಮಾಡಿದವ್ರೂ ಬಂದ್ರು.

ಅದ್ದೋ ವಾಕ್ಯದ ಮ್ಯಾಲ ಸ್ವಲ್ಪ ಹೊತ್ತು ನಿಲ್ಲತೀನಿ, ಯಾಕಂದ್ರ ಹೆಚ್ಚಿನ ಮಂದಿ ಎಡವೋದು ಇಲ್ಲೇ. ದ್ರಾಕ್ಷಿ ಸಿಪ್ಪಿ ಮ್ಯಾಲ ಮೇಣದಂಥ ಪದರ ಇರ್ತದ, ಒಳಗಿನ ನೀರು ಹೊರಗ ಬರಾಕ ಅದು ಅಡ್ಡ ಆಗ್ತದ, ಡಿಪ್ಪಿಂಗ್ ಆಯಿಲ್ ಅಂದ್ರ ಈಥೈಲ್ ಓಲಿಯೇಟ್ ಆ ಪದರದ ಕಟ್ಟು ಸಡಲ ಮಾಡ್ತದ, ಆಮ್ಯಾಲ ಕಾಯಿ ಲಗೂನ ಒಣಗ್ತದ. ಅಂದಮ್ಯಾಲ ಅದ್ದಿದ ಹೊತ್ತು, ಟ್ಯಾಂಕಿನ ದ್ರಾವಣ ಎಷ್ಟು ಸಲಕ್ಕ ಬದಲಿಸಿದ್ರು, ಇವು ನೇರ ಒಣಗೋ ದಿನಕ್ಕ ಸಂಬಂಧ ಇದ್ದದ್ದು. ಡ್ರಾಫ್ಟಿನ್ಯಾಗ ‘3 ನಿಮಿಷ ಅದ್ದಲಾಯಿತು’ ಅಂತದ, ಓದಿದವ್ರು ಏನಂತ ತಿಳ್ಕೋತಾರಂದ್ರ ರಿಸರ್ಚ್ ಮಾಡಿದವ್ರು ಸ್ಟಾಪ್‌ವಾಚ್ ಹಿಡ್ಕೊಂಡು ನಿಂತು ಅದ್ದಿಸ್ಯಾರ ಅಂತ. ಖರೇ ಅಂದ್ರ ತೋಟದ ಆಳುಗಳು ಕ್ರೇಟ್ ಟ್ಯಾಂಕಿನ್ಯಾಗ ಇಳಿಸಿ, ಮಾತಾಡ್ಕೋತ, ಅಂದಾಜಿನ ಮ್ಯಾಲ ಎತ್ತಿರ್ತಾರ. ಅದು ತಪ್ಪು ಅಂತಲ್ಲ, ವರ್ಷಾನುಗಟ್ಟಲೆ ಮಾಡಿದ ಕೈ ಅವು, ಆದ್ರ ಪೇಪರ್‌ನ್ಯಾಗ ಅದು ಹಂಗ ಕಾಣಬೇಕು. ‘ತೋಟದ ಕೆಲಸಗಾರರು ತಮ್ಮ ರೂಢಿಯಂತೆ ಕ್ರೇಟ್‌ಗಳನ್ನು ಅದ್ದಿದರು, ಪ್ರತಿ ಕ್ರೇಟಿನ ಸಮಯವನ್ನು ನಾವು ಅಳೆದೆವು’ ಅಂತ ಬರ್ದ್ರ ಎರಡು ಕರ್ತೃ, ಎರಡು ಕೆಲಸ, ಬ್ಯಾರೆ ಬ್ಯಾರೆ ಕಾಣ್ತಾವ. ಸಮಯ ಅಳದಿಲ್ಲ ಅಂದ್ರ ‘3 ನಿಮಿಷ’ ಅಂತ ಖಡಾಖಂಡಿತ ಬರಿಯಾಕ ನಿಮಗ ಹಕ್ಕಿಲ್ಲ, ‘ಸುಮಾರು 3 ನಿಮಿಷ, ಕೆಲಸಗಾರರ ಅಂದಾಜಿನಂತೆ’ ಅಂತನ ಬರೀಬೇಕು.

ಇಲ್ಲೇ ಇನ್ನೊಂದು ತಪ್ಪು ಆಗ್ತದ. ಆ್ಯಕ್ಟಿವ್ ಚೊಲೋ ಅಂತ ಯಾರೋ ಹೇಳಿದ್ರು ಅಂತ ಹುಡುಗ್ರು ಎಲ್ಲಾ ಕಡೆ ‘ವಿ’ ಸೇರಿಸ್ಕೋತ ಹೋಗ್ತಾರ, ‘ವಿ ಡಿಪ್ಡ್’, ‘ವಿ ಹಾರ್ವೆಸ್ಟೆಡ್’. ಪೇಪರ್‌ನ್ಯಾಗ ‘ವಿ’ ಅಂದ್ರ ಮ್ಯಾಲ ಹೆಸರಿದ್ದ ಲೇಖಕರು ಅಷ್ಟ, ಇಡೀ ಮಾನವಕುಲ ಅಲ್ಲ, ಶೆಡ್‌ನ್ಯಾಗ ಇದ್ದವ್ರು ಎಲ್ಲಾರೂ ಅಲ್ಲ. ಆಳುಗಳು ಅದ್ದಿದ್ದನ್ನ ‘ವಿ ಡಿಪ್ಡ್’ ಅಂತ ಬರ್ದ್ರ ಅದು ಪ್ಯಾಸಿವ್‌ಕಿಂತ ಕೆಟ್ಟದ್ದು, ಪ್ಯಾಸಿವ್ ಬರೀ ಮುಚ್ಚಿಡ್ತದ, ಇದು ಸುಳ್ಳು ಹೇಳ್ತದ.

ರ‍್ಯಾಕ್ ಮ್ಯಾಲ ಹರವಿದ್ದು ಪ್ಯಾಸಿವ್ ಇರ್ಲಿ, ಎಷ್ಟು ದಪ್ಪ ಹರವಿದ್ರು ಅನ್ನೋದು ಮುಖ್ಯ, ಯಾರು ಅನ್ನೋದಲ್ಲ. ತೇವಾಂಶ ಅಳದದ್ದು ಹೊರಗಿನ ಲ್ಯಾಬ್ ಆಗಿದ್ರ ಅವರನ್ನ ಕರ್ತೃ ಮಾಡ್ರಿ, ಲ್ಯಾಬ್ ಹೆಸರು ಮತ್ತ ಯಾವ ವಿಧಾನ ಅಂತ ಜೋಡಿಸ್ರಿ, ನೀವ ಓವೆನ್‌ನ್ಯಾಗ ಇಟ್ಟು ತೂಗಿದ್ದಿದ್ರ ಪ್ಯಾಸಿವ್ ಸಾಕು, ಓವೆನ್ ಉಷ್ಣತೆ ಮತ್ತ ಎಷ್ಟು ತಾಸು ಅನ್ನೋದು ಬರೀಬೇಕು. ಬಣ್ಣದ ಮಾರ್ಕ್ ಬಗ್ಗೆ ನನ್ನ ಕಥಿ ಮೊದಲ ಹೇಳೀನಿ. ಅಲ್ಲಿ ‘ಇಬ್ಬರು ಲೇಖಕರು, ಯಾವ ರ‍್ಯಾಕಿಗೆ ಯಾವ ಟ್ರೀಟ್‌ಮೆಂಟ್ ಅಂತ ಗೊತ್ತಿಲ್ಲದಂಗ, ಎಲ್ಲಾ ಸ್ಯಾಂಪಲ್‌ಗೂ ಬ್ಯಾರೆ ಬ್ಯಾರೆ ಅಂಕ ಕೊಟ್ರು’ ಅಂತ ಬರಿಯೋ ಹಂಗ ಇರಬೇಕು, ಮತ್ತ ಹಂಗ ಬರಿಯಾಕ ಬರಬೇಕಂದ್ರ ಕೆಲಸಾ ಮಾಡುವಾಗನ ಹಂಗ ಮಾಡಿರಬೇಕು.

ಕಡೀ ವಾಕ್ಯ, ‘ಎರಡು ರ‍್ಯಾಕ್‌ಗಳನ್ನು ಕೈಬಿಡಲಾಯಿತು’, ಇದನ್ನ ಪ್ಯಾಸಿವ್‌ನ್ಯಾಗ ಎಂದೂ ಬಿಡಬ್ಯಾಡ್ರಿ. ಡೇಟಾ ತೆಗೆದುಹಾಕೂದು ನಿರ್ಣಯ, ಕೈ ಕೆಲಸ ಅಲ್ಲ. ‘ಒಣಗೋ ಹೊತ್ತಿನ್ಯಾಗ ಮಳಿ ಬಂದು ಶೆಡ್ಡಿನ ತುದಿಯ ಎರಡು ರ‍್ಯಾಕ್ ತೊಯ್ದವು, ಅಂಕ ಕೊಡೋದಕ್ಕಿಂತ ಮೊದಲ ಅವನ್ನ ನಾವು ಕೈಬಿಟ್ಟೆವು’ ಅಂತ ಬರ್ದ್ರ ಯಾರು, ಯಾಕ, ಯಾವಾಗ ಮೂರೂ ಬಂದ್ವು. ರಿಸಲ್ಟ್ ನೋಡಿದಮ್ಯಾಲ ತೆಗೆದ್ರೋ ಮೊದಲ ತೆಗೆದ್ರೋ ಅನ್ನೋದು ಓದೋರಿಗೆ ಗೊತ್ತಾಗಬೇಕು. ಪ್ಯಾಸಿವ್‌ದಾಗೂ ಕಾರಣ ಬರೀಬಹುದಲ್ಲಾ ಅಂತ ನೀವು ಕೇಳಬಹುದು, ಬರೀಬಹುದು, ಆದ್ರ ‘ವಿ ಎಕ್ಸ್‌ಕ್ಲೂಡೆಡ್’ ಅಂತ ಬರ್ದ ಮ್ಯಾಲ ‘ಯಾಕ’ ಅನ್ನೋದನ್ನ ಬರೀದ ಬಿಡಾಕ ಮನಸ್ಸು ಒಪ್ಪೂದಿಲ್ಲ, ‘ವರ್ ಎಕ್ಸ್‌ಕ್ಲೂಡೆಡ್’ ಅಂತ ಬರ್ದು ಫುಲ್‌ಸ್ಟಾಪ್ ಇಟ್ಟು ಹೋಗಾಕ ಮನಸ್ಸು ಒಪ್ಪತದ. ನೂರು ಡ್ರಾಫ್ಟಿನ್ಯಾಗ ಇದನ್ನ ನೋಡೀನಿ.

ಮೆಡಿಕಲ್ ಕಡೆ ಇದು ಬರೀ ಅಭಿಪ್ರಾಯ ಅಲ್ಲ, ನಿಯಮಾನ ಅದ. ರ‍್ಯಾಂಡಮೈಸ್ಡ್ ಟ್ರಯಲ್ ಬರಿಯೋರಿಗೆ ಕನ್ಸಾರ್ಟ್ ಅನ್ನೋ ಚೆಕ್‌ಲಿಸ್ಟ್ ಅದ, ಅದರ 2010ರ ಆವೃತ್ತಿಯ 10ನೇ ಅಂಶ ನೇರ ‘ಯಾರು’ ಅಂತನ ಕೇಳ್ತಿತ್ತು: ರ‍್ಯಾಂಡಮ್ ಪಟ್ಟಿ ಮಾಡಿದವ್ರು ಯಾರು, ರೋಗಿಗಳನ್ನ ಸೇರಿಸ್ಕೊಂಡವ್ರು ಯಾರು, ಗುಂಪಿಗೆ ಹಾಕಿದವ್ರು ಯಾರು. ಬೆಳಗಾವಿ, ವಿಜಯಪುರದ ಮೆಡಿಕಲ್ ಕಾಲೇಜಿನ ಪಿಜಿ ಹುಡುಗ್ರು ತರೋ ಡ್ರಾಫ್ಟಿನ್ಯಾಗ ‘ಪೇಶಂಟ್ಸ್ ವರ್ ರ‍್ಯಾಂಡಮೈಸ್ಡ್’ ಅಂತ ಒಂದ ಲೈನ್ ಇರ್ತದ. ಸೇರಿಸ್ಕೊಳ್ಳೋ ಡಾಕ್ಟರ್ ಕೈಯಾಗನ ಪಟ್ಟಿ ಇತ್ತಂದ್ರ ಮುಂದಿನ ರೋಗಿ ಯಾವ ಗುಂಪಿಗೆ ಹೋಗ್ತಾನ ಅಂತ ಅವರಿಗೆ ಮೊದಲ ಗೊತ್ತಿರ್ತದ, ಟ್ರಯಲ್ ಕೆಡೋದು ಅಲ್ಲೇ. ಹಿಂಗಾಗಿ ಅಲ್ಲಿ ಒಬ್ಬರ ಹೆಸರು ಅಲ್ಲದಿದ್ರೂ ಪಾತ್ರ ಬೇಕು, ‘ಟ್ರಯಲ್‌ನ್ಯಾಗ ಇಲ್ಲದ ಒಬ್ಬ ಸ್ಟಾಟಿಸ್ಟಿಷಿಯನ್ ಪಟ್ಟಿ ತಯಾರು ಮಾಡಿದರು’ ಅನ್ನೋ ಹಂಗ. ಪ್ಯಾಸಿವ್ ಬರ್ದು ಕಡೀಕ ‘ಬೈ’ ಹಚ್ಚಿ ಬರೀಬಹುದು, ತಪ್ಪಲ್ಲ, ಆದ್ರ ‘ಬೈ ಅಸ್’ ಅಂತ ಬಂತಂದ್ರ ಮಾತ್ರ ವಾಕ್ಯ ತಿರುವಿ ‘ವಿ’ಯಿಂದ ಶುರು ಮಾಡ್ರಿ, ಮಾಡಿದವ್ರನ್ನ ಹೆಂಗೂ ಹೇಳಾಕ ಹೊಂಟೀರಿ ಅಂದಮ್ಯಾಲ ಸುತ್ತು ಹೊಡಿಯೋದು ಯಾಕ.

ಇಷ್ಟು ಹೇಳಿ ಪ್ಯಾಸಿವ್‌ನ ಖಳನಾಯಕ ಮಾಡಿದ್ರ ಅದಕ್ಕ ಅನ್ಯಾಯ ಆಗ್ತದ. ಅದಕ್ಕ ಒಂದು ಖರೇ ಕೆಲಸ ಅದ, ಅದನ್ನ ಬ್ಯಾರೆ ಯಾವುದೂ ಅಷ್ಟು ಚೊಲೋ ಮಾಡೂದಿಲ್ಲ. ಓದೋರು ಒಂದು ಗೊನೆಯ ಹಿಂದ ಹೋಗ್ತಿರ್ತಾರ ಅಂತ ತಿಳ್ಕೊಳ್ರಿ, ಗೊನೆ ಕೊಯ್ದ್ರು, ಅದನ್ನ ತೂಗಿದ್ರು, ಆಮ್ಯಾಲ ಅದನ್ನ ಹರವಿದ್ರು. ಇಂಗ್ಲಿಷಿನ್ಯಾಗ ವಾಕ್ಯದ ಮುಂದಿನ ಜಾಗದಾಗ ಇದ್ದದ್ದರ ಮ್ಯಾಲ ಓದೋರ ಕಣ್ಣು ನಿಲ್ಲತದ. ಪ್ರತಿ ವಾಕ್ಯ ‘ವಿ’ಯಿಂದ ಶುರು ಆದ್ರ ವಿ, ವಿ, ವಿ ಅಂತ ಆಗಿ ಗೊನೆ ಹಿಂದ ಬೀಳ್ತದ, ಲೇಖಕರು ಮುಂದ ಬಂದು ಕೂಡ್ತಾರ. ಪ್ಯಾಸಿವ್ ಹಾಕಿದ್ರ ಗೊನೆಗಳು ಮುಂದ ಇರ್ತಾವ, ‘ದ ಬಂಚಸ್ ವರ್ ವೇಯ್ಡ್ ಆ್ಯಂಡ್ ಸ್ಪ್ರೆಡ್’, ಎಳಿ ತುಂಡಾಗೂದಿಲ್ಲ. ನಾವು ಕನ್ನಡದಾಗ ‘ಗೊನೆಗಳನ್ನ’ ಅಂತ ಕರ್ಮಾನ ಆರಾಮಾಗಿ ಮುಂದ ತಂದು ಇಡ್ತೀವಿ, ಇಂಗ್ಲಿಷಿನ್ಯಾಗ ಹಂಗ ತರಾಕ ಪ್ಯಾಸಿವ್ ಬೇಕಾಗ್ತದ. ಅದಕ್ಕ ಮೂರ್ನೇ ಹೆಜ್ಜಿಯಾಗಿ ಪ್ಯಾರಾದ ಪ್ರತಿ ವಾಕ್ಯದ ಮೊದಲ್ನೇ ಎರಡು ಮೂರು ಶಬ್ದ ಅಷ್ಟ ಓದ್ಕೋತ ಹೋಗ್ರಿ. ಗೊನೆ, ಗೊನೆ, ನಾವು, ರ‍್ಯಾಕ್, ನಾವು ಅಂತ ಬಂದ್ರ ಚೊಲೋ, ಒಂದ ವಾಕ್ಯದ ನಡುವ ‘ವಿ ಕಲೆಕ್ಟೆಡ್ ದ ಬಂಚಸ್ ಆ್ಯಂಡ್ ವರ್ ಡ್ರೈಡ್’ ಅಂತ ಆ್ಯಕ್ಟಿವ್‌ದಿಂದ ಪ್ಯಾಸಿವ್‌ಗೆ ಜಿಗಿದ್ರ ಒಣಗಿದವ್ರು ನೀವು ಆಗ್ತೀರಿ.

ಪ್ಯಾಸಿವ್ ಇಟ್ಟ ವಾಕ್ಯದಾಗ ಮುಂದ ‘ಯೂಸಿಂಗ್’ ಬಂದ್ರ ಹುಷಾರ್. ‘ಯೂಸಿಂಗ್ ಅ ರಿಫ್ರ್ಯಾಕ್ಟೋಮೀಟರ್, ದ ಬೆರೀಸ್ ವರ್ ಟೆಸ್ಟೆಡ್’ ಅಂತ ಬರ್ದ್ರ ಗ್ರಾಮರ್ ಪ್ರಕಾರ ರಿಫ್ರ್ಯಾಕ್ಟೋಮೀಟರ್ ಹಿಡಿದದ್ದು ಕಾಯಿಗಳು. ಕನ್ನಡದಾಗ ‘ರಿಫ್ರ್ಯಾಕ್ಟೋಮೀಟರ್ ಬಳಸಿ ಕಾಯಿಗಳನ್ನ ಪರೀಕ್ಷಿಸಲಾಯಿತು’ ಅಂದ್ರ ಏನೂ ಅನಸೂದಿಲ್ಲ, ಅದಕ್ಕ ಈ ತಪ್ಪು ನಮ್ಮ ಕಣ್ಣಿಗೆ ಬೀಳೂದಿಲ್ಲ. ತಿದ್ದೋದು ಸರಳ, ಉಪಕರಣಾನ ಹಿಂದ ಕಳಿಸಿ ‘ವಿತ್’ ಹಾಕ್ರಿ, ‘ದ ಬೆರೀಸ್ ವರ್ ಟೆಸ್ಟೆಡ್ ವಿತ್ ಅ ರಿಫ್ರ್ಯಾಕ್ಟೋಮೀಟರ್’, ಇಲ್ಲಾಂದ್ರ ‘ವಿ’ ಹಾಕಿ ಆ್ಯಕ್ಟಿವ್ ಮಾಡ್ರಿ.

ಒಬ್ಬರ ಲೇಖಕರಿದ್ರ ಏನು ಮಾಡೋದು ಅಂತ ಭಾಳ ಮಂದಿ ಕೇಳ್ತಾರ, ಥೀಸಿಸ್ ಬರಿಯೋರಂತೂ ಎಲ್ಲಾರೂ ಕೇಳ್ತಾರ. ಎಪಿಎ ಪ್ರಕಾರ ಒಬ್ಬರಿದ್ರ ‘ಐ’ ಬರೀಬೇಕು, ‘ವಿ’ ಅಲ್ಲ, ಮತ್ತ ತನ್ನನ್ನ ತಾನ ‘ದ ಆಥರ್’, ‘ದ ಇನ್ವೆಸ್ಟಿಗೇಟರ್’ ಅಂತ ಮೂರನೆಯವ್ರ ಹಂಗ ಕರ್ಕೊಳ್ಳೋದು ಬ್ಯಾಡ, ಅದು ಬ್ಯಾರೆ ಯಾರೋ ಅನ್ನೋ ಗೊಂದಲ ಹುಟ್ಟಸ್ತದ. ನಿಮ್ಮ ವಿಶ್ವವಿದ್ಯಾಲಯದ ಥೀಸಿಸ್ ನಮೂನಿ ‘ಐ’ ಒಪ್ಪೂದಿಲ್ಲ ಅಂದ್ರ ನಿರ್ಣಯದ ವಾಕ್ಯಗಳಿಗೆ ಪ್ಯಾಸಿವ್ ಇಟ್ಟು, ಮೆಥಡ್ಸ್ ಶುರುವಿನ್ಯಾಗ ಒಂದ ವಾಕ್ಯ ಸೇರಿಸ್ರಿ, ಬ್ಯಾರೆ ಹೇಳಿದ್ದನ್ನ ಬಿಟ್ಟು ಎಲ್ಲಾ ಅಳತಿ ಮತ್ತ ಅಂಕಗಳನ್ನ ಥೀಸಿಸ್ ಬರ್ದವ್ರ ಮಾಡ್ಯಾರ ಅಂತ. ನನಗ ಇದು ಪೂರ್ತಿ ಸಮಾಧಾನ ಕೊಡೂದಿಲ್ಲ, ಆದ್ರ ಯಾರು ಅನ್ನೋದಕ್ಕ ಉತ್ತರ ಸಿಗ್ತದ.

ಕಡೀ ಹೆಜ್ಜಿ ಕಂಪ್ಯೂಟರ್ ಮುಂದ. `Ctrl+F` ಒತ್ತಿ ಮೊದಲ `were`, ಆಮ್ಯಾಲ `was`, ಆಮ್ಯಾಲ `been` ಹುಡುಕ್ರಿ. ಸಿಕ್ಕಿದ್ದೆಲ್ಲಾ ಪ್ಯಾಸಿವ್ ಅಲ್ಲ, ‘ಉಷ್ಣತೆ 40 ಡಿಗ್ರಿ ಇತ್ತು’ ಅನ್ನೋದ್ರಾಗೂ ‘ವಾಸ್’ ಬರ್ತದ, ಅದನ್ನ ದಾಟಿ ಹೋಗ್ರಿ. ಉಳಿದದ್ದರ ಮುಂದ ‘ಸೆಲೆಕ್ಟೆಡ್’, ‘ಎಕ್ಸ್‌ಕ್ಲೂಡೆಡ್’, ‘ಸ್ಕೋರ್ಡ್’, ‘ಕನ್ಸಿಡರ್ಡ್’, ‘ಅಸೈನ್ಡ್’, ‘ಡಿಸೈಡೆಡ್’ ಇದ್ರ ಅಲ್ಲೇ ನಿಂತು ಎರಡ್ನೇ ಹೆಜ್ಜಿಯ ಪ್ರಶ್ನೆ ಕೇಳ್ಕೊಳ್ರಿ. ‘ವೇಯ್ಡ್’, ‘ವಾಷ್ಡ್’, ‘ಸ್ಟೋರ್ಡ್’ ಇದ್ರ ಹಂಗ ಬಿಡ್ರಿ. ನಮ್ಮ ಏಳು ವಾಕ್ಯದ ಪ್ಯಾರಾದಾಗ ಹಿಂಗ ಮಾಡಿದಾಗ ಕೊಯ್ದದ್ದು, ಹರವಿದ್ದು, ಓವೆನ್‌ನ್ಯಾಗ ತೇವಾಂಶ ಅಳದದ್ದು ಈ ಮೂರು ಪ್ಯಾಸಿವ್ ಉಳಿದ್ವು, ಆರಿಸಿದ್ದು, ಅದ್ದಿದ್ದು, ಅಂಕ ಕೊಟ್ಟದ್ದು, ಕೈಬಿಟ್ಟದ್ದು ನಾಲ್ಕು ಆ್ಯಕ್ಟಿವ್ ಆದ್ವು. ಪ್ಯಾರಾ ಎರಡು ಲೈನ್ ಉದ್ದ ಆತು. ಅದಾದಮ್ಯಾಲ ಪ್ರಿಂಟ್ ತಗೊಂಡು ಶೆಡ್‌ಗೆ ಹೋಗಿ, ‘ಕೆಲಸಗಾರರು ಅದ್ದಿದರು’ ಅಂತ ಬರ್ದದ್ದನ್ನ ಅದ್ದಿದವ್ರ ಮುಂದನ ಕನ್ನಡದಾಗ ಓದಿ ಹೇಳ್ರಿ. ‘ಮಧ್ಯಾಹ್ನ ದ್ರಾವಣ ಬದಲಿ ಮಾಡಿದ್ವಿ, ಅದು ಬರ್ದೀರೇನು’ ಅಂತ ಅವರು ಕೇಳಿದ್ರ ಆ ವಾಕ್ಯಾನೂ ಸೇರಿಸ್ರಿ.